‘ಅವರೇ ಹೇಳಿದ ಮಾತಲ್ಲವೇ?’

ಬಳಕೆದಾರರ ಅನುಭವದ ಮಾತನ್ನು 30 ಸೆಕೆಂಡಿನ ಜಾಹೀರಾತಿಗೆ ಇಳಿಸಿಕೊಡುವ ಕೆಲಸದಲ್ಲಿ, ಕಂಪನಿಗಳ ಮಾರ್ಕೆಟಿಂಗ್ ವಿಭಾಗದವರೊಂದಿಗೆ ನನಗೆ ಮತ್ತೆ ಮತ್ತೆ ಬೀಳುವ ಜಗಳ ಒಂದೇ. ಸ್ಕ್ರಿಪ್ಟಿನಲ್ಲಿ ಒಂದು ಷರತ್ತನ್ನು ಅವರು ಹೊಡೆದುಹಾಕುತ್ತಾರೆ. ಅದನ್ನು ತೆಗೆದರೆ ಅರ್ಥ ಬೇರೆಯಾಗುತ್ತದೆ ಎಂದು ನಾನು ಹೇಳುತ್ತೇನೆ. ಆಗ ‘ನಾವೇನೂ ಸೇರಿಸಿಲ್ಲವಲ್ಲ, ಎಲ್ಲವೂ ಅವರೇ ಹೇಳಿದ ಮಾತಲ್ಲವೇ?’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ಕೊಡುವವರು ಕೆಟ್ಟವರಲ್ಲ, ಬಹುಪಾಲು ಮಂದಿ ಮನಸ್ಸಿನಲ್ಲಿ ಕಪಟವಿಲ್ಲದವರೇ. ಆದರೆ ಒಬ್ಬರು ಆಡಿದ ಪದಗಳನ್ನಷ್ಟೇ ಬಳಸಿ ಅವರು ಆಡದ ಮಾತನ್ನು ಹುಟ್ಟಿಸಬಹುದು ಎಂಬುದನ್ನು ಅವರಿಗೆ ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಆದ್ದರಿಂದ ಈ ಒಂದು ವಿಷಯವನ್ನೇ ಒಂದು ಉದಾಹರಣೆಯ ಮೂಲಕ ವಿವರವಾಗಿ ಬರೆಯುತ್ತಿದ್ದೇನೆ.

ಶ್ರವಣ ಸಾಧನವೊಂದರ ಜಾಹೀರಾತಿಗಾಗಿ ನಿವೃತ್ತ ಶಿಕ್ಷಕಿಯೊಬ್ಬರನ್ನು ಮಾತನಾಡಿಸಿದ್ದೆವು. ರೆಕಾರ್ಡಿಂಗ್ 12 ನಿಮಿಷದಷ್ಟಿತ್ತು. ಅದನ್ನು ಕೇಳಿದಂತೆಯೇ, ‘ಅಂ’, ‘ಹೂಂ’ ಸಮೇತ ಬರೆದುಕೊಳ್ಳುವುದು ಮೊದಲ ಕೆಲಸ. ನಾವು ಕೇಳಿದ ಪ್ರಶ್ನೆಗಳನ್ನೂ ಬರೆದುಕೊಳ್ಳಬೇಕು, ಏಕೆಂದರೆ ‘ಹೌದು, ಖಂಡಿತ’ ಎಂಬ ಉತ್ತರ ಯಾವ ಪ್ರಶ್ನೆಗೆ ಬಂದದ್ದು ಎಂಬುದು ಎಡಿಟಿಂಗ್ ಮೇಜಿನ ಮೇಲೆ ಬಹಳ ಬೇಗ ಮರೆತುಹೋಗುತ್ತದೆ. ಬರಹದಲ್ಲಿ ನಮಗೆ ಬೇಕಾದ ಭಾಗ ಹೀಗಿತ್ತು:

‘ಡಾಕ್ಟರು ಮೊದಲು ಕಿವಿಯ ಗುಗ್ಗೆ ತೆಗೆಸಿದರು, ಅದರಿಂದಲೇ ಸ್ವಲ್ಪ ವಾಸಿ ಅನ್ನಿಸಿತ್ತು. ಆಮೇಲೆ ಈ ಮಷಿನ್ ಹಾಕಿದರು. ಮೊದಲ ಎರಡು ವಾರ ಕಷ್ಟವಾಯ್ತು, ನನ್ನ ಧ್ವನಿಯೇ ನನಗೆ ಡಬ್ಬಿಯೊಳಗಿಂದ ಬಂದ ಹಾಗೆ ಕೇಳ್ತಿತ್ತು. ಬಿಚ್ಚಿಟ್ಟುಬಿಡೋಣ ಅಂತಲೂ ಅನ್ನಿಸ್ತು. ಆಮೇಲೆ ಒಗ್ಗಿತು. ಈಗ ಎದುರಿಗೆ ಒಬ್ಬರು ಕೂತು ಮಾತಾಡಿದರೆ ಒಂದು ಮಾತೂ ತಪ್ಪೋದಿಲ್ಲ. ಹತ್ತು ಜನ ಸೇರಿದ ಕಡೆ ಮಾತ್ರ ಈಗಲೂ ಕಷ್ಟ, ಎಲ್ಲ ದನಿಯೂ ಒಟ್ಟಿಗೇ ನುಗ್ಗುತ್ತೆ. ಮೊದಲೆಲ್ಲ ಮಗಳು ಫೋನ್ ಮಾಡಿದರೆ ನಾನು ಏನಂದೆ, ಏನಂದೆ ಅಂತ ಕೇಳಿ ಕೇಳಿ, ಬೇಜಾರಾಗಿ ಅವಳೇ ಇಟ್ಟುಬಿಡ್ತಿದ್ದಳು. ಈಗ ನಾನೇ ಸಾಕಮ್ಮ, ಇಡು ಅನ್ನಬೇಕು.’

ಕಂಪನಿಯ ಕಡೆಯಿಂದ ತಿದ್ದಿ ಬಂದ ಸ್ಕ್ರಿಪ್ಟಿನಲ್ಲಿ ಇದು ಮೂರು ವಾಕ್ಯಗಳಾಗಿತ್ತು: ‘ಈ ಮಷಿನ್ ಹಾಕಿದರು. ಈಗ ಒಂದು ಮಾತೂ ತಪ್ಪೋದಿಲ್ಲ. ಈಗ ನಾನೇ ಸಾಕಮ್ಮ, ಇಡು ಅನ್ನಬೇಕು.’ ಒಂದು ಪದವನ್ನೂ ಹೊರಗಿನಿಂದ ತಂದಿಲ್ಲ. ಆದರೂ ಆ ತಾಯಿ ‘ಎದುರಿಗೆ ಒಬ್ಬರು ಕೂತು ಮಾತಾಡಿದರೆ’ ಎಂದು ಬೇಲಿ ಹಾಕಿ ಹೇಳಿದ ಮಾತು ಇಲ್ಲಿ ಎಲ್ಲ ಕಡೆಗೂ, ಎಲ್ಲ ಹೊತ್ತಿಗೂ ಅನ್ವಯಿಸುವ ಮಾತಾಗಿಬಿಟ್ಟಿದೆ. ಶ್ರವಣ ಸಾಧನದ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಗದ್ದಲದ ನಡುವೆ ಒಬ್ಬರ ಮಾತನ್ನು ಹೆಕ್ಕಿ ಕೇಳಿಸಿಕೊಳ್ಳುವುದೇ ಇಂಥ ಸಾಧನಗಳನ್ನು ಬಳಸುವವರಿಗೆ ಅತ್ಯಂತ ಕಷ್ಟದ ಸಂಗತಿ, ಮತ್ತು ಬಹಳ ಜನ ಅದಕ್ಕಾಗಿಯೇ ಸಾಧನವನ್ನು ಕೊಳ್ಳಲು ಬರುತ್ತಾರೆ. ಜಾಹೀರಾತು ನೋಡಿ ಕೊಂಡವರು ಮೊದಲ ಮದುವೆಮನೆಯಲ್ಲೇ ಅದನ್ನು ಕಿವಿಯಿಂದ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ.

ಹೊಡೆದುಹಾಕಿದ ಆ ನಾಲ್ಕು ಪದಗಳಿಂದ ಉಳಿದ ಸಮಯ ಸುಮಾರು ಮೂರು ಸೆಕೆಂಡು. ಕತ್ತರಿ ಆಡಿಸಲು ಇದಕ್ಕಿಂತ ದೊಡ್ಡ ಜಾಗಗಳು ಅದೇ ಮಾತಿನಲ್ಲಿ ಇದ್ದವು.

ನಾನು ಕೆಲಸ ಮಾಡುವ ಕ್ರಮ ಹೀಗಿದೆ. ಬರೆದುಕೊಂಡ ಮಾತಿನಲ್ಲಿ ಉತ್ಪನ್ನದ ಬಗ್ಗೆ ಏನನ್ನಾದರೂ ಪ್ರತಿಪಾದಿಸುವ ವಾಕ್ಯಗಳ ಕೆಳಗೆ ಗೆರೆ ಎಳೆಯುತ್ತೇನೆ. ಆಮೇಲೆ ಆ ಪ್ರತಿಯೊಂದಕ್ಕೂ ಅಂಟಿಕೊಂಡಿರುವ ಷರತ್ತನ್ನು ಹುಡುಕಿ ಬಾಣದ ಗುರುತಿನಿಂದ ಜೋಡಿಸುತ್ತೇನೆ. ಯಾವಾಗ, ಎಲ್ಲಿ, ಎಷ್ಟರ ಮಟ್ಟಿಗೆ, ಇನ್ನಾವುದರ ಜೊತೆಗೆ ಎಂಬುದನ್ನು ಹೇಳುವ ಪದಗಳೇ ಷರತ್ತುಗಳು. ಷರತ್ತು ಯಾವಾಗಲೂ ಪಕ್ಕದಲ್ಲಿಯೇ ಇರುವುದಿಲ್ಲ. ಮಾತನಾಡುವವರು ಒಂದನೆಯ ನಿಮಿಷದಲ್ಲಿ ಹೊಗಳಿ, ಒಂಬತ್ತನೆಯ ನಿಮಿಷದಲ್ಲಿ ನೆನಪಾಗಿ ‘ಹಾಗಂತ…’ ಎಂದು ತಿದ್ದಿಕೊಳ್ಳುವುದುಂಟು, ಆ ತಿದ್ದುಪಡಿಯೂ ಮೊದಲ ಹೊಗಳಿಕೆಯ ಭಾಗವೇ. ಬಾಣ ಹಾಕಿದ ಮೇಲೆ ನಿಯಮ ಸರಳವಾಗುತ್ತದೆ: ಪ್ರತಿಪಾದನೆ ಉಳಿದರೆ ಷರತ್ತೂ ಉಳಿಯಬೇಕು, ಷರತ್ತಿಗೆ ಜಾಗವಿಲ್ಲದಿದ್ದರೆ ಎರಡೂ ಹೋಗಬೇಕು.

ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ತೀರ್ಪು ಕೊನೆಯಲ್ಲಿ ಬರುತ್ತದೆ. ‘ಇದಿಲ್ಲದೆ ನನಗೆ ಆಗೋದೇ ಇಲ್ಲ ಅಂತ ಹೇಳಲಾರೆ’ ಎಂಬ ವಾಕ್ಯದ ಬಾಲದ ಎರಡು ಪದಗಳನ್ನು ಕತ್ತರಿಸಿದರೆ ಅರ್ಥ ತಲೆಕೆಳಗಾಗುತ್ತದೆ, ‘ಅನ್ಸುತ್ತೆ’, ‘ಅಂದ್ಕೊಂಡಿದ್ದೆ’ ಮುಂತಾದವನ್ನು ಕತ್ತರಿಸಿದರೆ ಅನುಮಾನವು ನಿಶ್ಚಯವಾಗುತ್ತದೆ. ಹೀಗೆ ಕತ್ತರಿಸಿದ್ದು ಕಿವಿಗೂ ಸಿಕ್ಕಿಬೀಳುತ್ತದೆ. ಮಾತು ಮುಗಿಯುವಾಗ ಸಹಜವಾಗಿ ಇಳಿಯಬೇಕಾದ ದನಿ ಮೇಲೆಯೇ ನಿಂತು, ಯಾರೋ ಬಾಯಿ ಮುಚ್ಚಿಸಿದಂತೆ ಕೇಳುತ್ತದೆ. ಆಗ ಎಡಿಟರ್ ಆ ಜಾಗದಲ್ಲಿ ಕೈಯನ್ನೋ ಕಿಟಕಿಯನ್ನೋ ತೋರಿಸುವ ಕಟ್‌ಅವೇ ಹಾಕಿ ಬೆಸುಗೆಯನ್ನು ಮುಚ್ಚುತ್ತಾರೆ. ಎರಡು ಪೂರ್ಣ ವಾಕ್ಯಗಳ ನಡುವಿನ ಬೆಸುಗೆಯನ್ನು ಹಾಗೆ ಮುಚ್ಚುವುದರಲ್ಲಿ ನನಗೆ ತಕರಾರಿಲ್ಲ. ಬೇರೆ ಬೇರೆ ಉತ್ತರಗಳ ಎರಡು ಅರ್ಧಗಳನ್ನು ಸೇರಿಸಿ ಒಂದು ವಾಕ್ಯ ಮಾಡಿದ್ದರೆ ಮಾತ್ರ ನಾನು ಅದನ್ನು ವಾಪಸು ಕಳುಹಿಸುತ್ತೇನೆ. ವಾಕ್ಯದ ಒಳಗೆ ಕತ್ತರಿ ಹಾಕುವುದಾದರೆ, ಮರುಉಚ್ಚಾರಣೆ ಮತ್ತು ತಡವರಿಕೆಗಳ ಆಚೆಗೆ ನಾನು ಹೋಗುವುದಿಲ್ಲ.

ಈಗ ಆ ಶಿಕ್ಷಕಿಯ ಮಾತಿಗೆ ಬರೋಣ. 30 ಸೆಕೆಂಡಿನಲ್ಲಿ ಕೊನೆಯ ನಾಲ್ಕೈದು ಸೆಕೆಂಡು ಉತ್ಪನ್ನದ ಹೆಸರಿಗೆ ಹೋಗುತ್ತದೆ. ಮಾತಿಗೆ ಉಳಿಯುವುದು 25. ವಯಸ್ಸಾದವರು ಆರಾಮವಾಗಿ ಮಾತನಾಡುವ ವೇಗದಲ್ಲಿ ಅಷ್ಟರೊಳಗೆ ಆಡುಗನ್ನಡದ 40ರಿಂದ 50 ಪದಗಳು ಹಿಡಿಯುತ್ತವೆ. ಕನ್ನಡ ಪದಗಳು ಉದ್ದವಾದ್ದರಿಂದ ಇಂಗ್ಲಿಷ್ ಸ್ಕ್ರಿಪ್ಟಿನ ಪದಗಳ ಲೆಕ್ಕವನ್ನು ಇಲ್ಲಿಗೆ ತರಬಾರದು. ಪದ ಎಣಿಸುವುದಕ್ಕಿಂತ ಸ್ಟಾಪ್‌ವಾಚ್ ಹಿಡಿದು ಮೂಲ ರೆಕಾರ್ಡಿಂಗನ್ನೇ ಅಳೆಯುವುದು ಇನ್ನೂ ಮೇಲು. ನಾವು ಉಳಿಸಿಕೊಂಡದ್ದು ಇಷ್ಟು:

‘ಮೊದಲ ಎರಡು ವಾರ ಕಷ್ಟವಾಯ್ತು, ನನ್ನ ಧ್ವನಿಯೇ ನನಗೆ ಡಬ್ಬಿಯೊಳಗಿಂದ ಬಂದ ಹಾಗೆ ಕೇಳ್ತಿತ್ತು. ಆಮೇಲೆ ಒಗ್ಗಿತು. ಈಗ ಎದುರಿಗೆ ಒಬ್ಬರು ಕೂತು ಮಾತಾಡಿದರೆ ಒಂದು ಮಾತೂ ತಪ್ಪೋದಿಲ್ಲ. ಹತ್ತು ಜನ ಸೇರಿದ ಕಡೆ ಮಾತ್ರ ಈಗಲೂ ಕಷ್ಟ. ಮೊದಲೆಲ್ಲ ಮಗಳು ಫೋನ್ ಮಾಡಿದರೆ ನಾನು ಏನಂದೆ, ಏನಂದೆ ಅಂತ ಕೇಳಿ ಕೇಳಿ, ಬೇಜಾರಾಗಿ ಅವಳೇ ಇಟ್ಟುಬಿಡ್ತಿದ್ದಳು. ಈಗ ನಾನೇ ಸಾಕಮ್ಮ, ಇಡು ಅನ್ನಬೇಕು.’

ಮೊದಲ ವಾಕ್ಯದ ಹೊತ್ತಿಗೆ ಚಿತ್ರದಲ್ಲಿ ಅವರು ಸಾಧನವನ್ನು ಕಿವಿಗೆ ಹಾಕಿಕೊಳ್ಳುತ್ತಿರುವುದರಿಂದ ‘ಈ ಮಷಿನ್’ ಎಂದು ಹೇಳಬೇಕಾದ ಅಗತ್ಯ ಬೀಳಲಿಲ್ಲ. ಕ್ರಮವನ್ನೂ ಬದಲಿಸಲಿಲ್ಲ. ‘ಬಿಚ್ಚಿಟ್ಟುಬಿಡೋಣ’ ಎಂಬ ವಾಕ್ಯ ನನಗೆ ಇಷ್ಟವಾಗಿತ್ತು, ಆದರೆ ಕಷ್ಟವಾಯಿತೆಂಬುದು ಅದಿಲ್ಲದೆಯೂ ಪೂರ್ತಿಯಾಗಿ ತಿಳಿಯುತ್ತದೆ. ‘ಎಲ್ಲ ದನಿಯೂ ಒಟ್ಟಿಗೇ ನುಗ್ಗುತ್ತೆ’ ಎಂಬುದೂ ಹಾಗೆಯೇ ವಿವರಣೆ ಮಾತ್ರ, ಮಿತಿಯನ್ನು ಹಿಂದಿನ ವಾಕ್ಯವೇ ಹೇಳಿಬಿಟ್ಟಿದೆ. ಅದರ ‘ಕಷ್ಟ’ ಎಂಬಲ್ಲಿ ಅವರು ಉಸಿರು ತೆಗೆದುಕೊಂಡು ನಿಲ್ಲಿಸಿದ್ದರಿಂದ ಅಲ್ಲಿ ಕತ್ತರಿಸಲು ತೊಂದರೆಯಾಗಲಿಲ್ಲ. ಹೀಗೆ ತೆಗೆದರೂ ಅರ್ಥ ಕುಂದದ ಮಾತು ಯಾವ ರೆಕಾರ್ಡಿಂಗಿನಲ್ಲಾದರೂ ಧಾರಾಳವಾಗಿ ಸಿಗುತ್ತದೆ.

ಗುಗ್ಗೆಯ ವಿಷಯ ಮಾತ್ರ ನನ್ನನ್ನು ತಡೆದು ನಿಲ್ಲಿಸಿತ್ತು. ‘ಮೊದಲೆಲ್ಲ’ ಎಂದು ಅವರು ಹೇಳಿದ್ದು ಯಾವ ಮೊದಲು? ಗುಗ್ಗೆ ತೆಗೆಸುವುದಕ್ಕೂ ಮೊದಲೋ, ತೆಗೆಸಿದ ಮೇಲೂ ಸಾಧನ ಹಾಕುವ ಮುನ್ನವೋ? ಫೋನಿನ ತೊಂದರೆ ಗುಗ್ಗೆ ತೆಗೆಸಿದ ಕೂಡಲೇ ಸರಿಹೋಗಿದ್ದರೆ ಅದರ ಶ್ರೇಯಸ್ಸು ಡಾಕ್ಟರಿಗೆ ಸೇರಬೇಕೇ ಹೊರತು ಸಾಧನಕ್ಕಲ್ಲ, ಮತ್ತು ಇಡೀ ಜಾಹೀರಾತಿನ ಅತ್ಯಂತ ಚೆಂದದ ಆ ಕೊನೆಯ ಮಾತು ಸುಳ್ಳು ಸಾಕ್ಷಿಯಾಗುತ್ತಿತ್ತು. ರೆಕಾರ್ಡಿಂಗಿನಿಂದ ಇದು ತಿಳಿಯುವಂತಿರಲಿಲ್ಲವಾದ್ದರಿಂದ ಫೋನ್ ಮಾಡಿ ಅವರನ್ನೇ ಕೇಳಿದೆ. ಗುಗ್ಗೆ ತೆಗೆಸಿದ ಮೇಲೆ ಎದುರಿನವರ ಮಾತು ಸ್ವಲ್ಪ ಸ್ಪಷ್ಟವಾಯಿತು, ಫೋನು ಮಾತ್ರ ಹಾಗೆಯೇ ಇತ್ತು ಎಂದು ಹೇಳಿ, ‘ಇಷ್ಟು ಚೆನ್ನಾಗಿ ಪ್ರಶ್ನೆ ಕೇಳೋರು ನನ್ನ ಕ್ಲಾಸಲ್ಲಿ ಕಡಿಮೆ ಇದ್ರು’ ಎಂದು ನಕ್ಕರು. ಅವರ ಉತ್ತರದಿಂದಾಗಿ ಗುಗ್ಗೆಯ ವಾಕ್ಯವನ್ನು ಬಿಡಲು ಸಾಧ್ಯವಾಯಿತು. ಉತ್ತರ ಬೇರೆಯಾಗಿದ್ದರೆ ಫೋನಿನ ಎರಡು ವಾಕ್ಯಗಳನ್ನು ನಾನು ಬಿಟ್ಟುಕೊಡಬೇಕಾಗುತ್ತಿತ್ತು.

‘ಹತ್ತು ಜನ ಸೇರಿದ ಕಡೆ’ ಎಂಬ ವಾಕ್ಯವನ್ನು ಪರದೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ಆಗದೇ ಎಂದು ಕಂಪನಿಯವರು ಕೇಳಿದರು. ನಾನು ವಕೀಲನಲ್ಲ, ನಿಮ್ಮ ಜಾಹೀರಾತು ಎಲ್ಲಿ ಪ್ರಸಾರವಾಗುತ್ತದೋ ಅಲ್ಲಿನ ಕಾನೂನನ್ನು ಬಲ್ಲವರನ್ನೇ ವಿಚಾರಿಸಬೇಕು. ಆದರೂ ಇಷ್ಟು ಹೇಳಬಲ್ಲೆ: ಬಳಕೆದಾರರ ಮಾತನ್ನು ಸಂದರ್ಭದಿಂದ ಕಿತ್ತಾಗಲಿ, ಬೇರೆ ಪದಗಳಲ್ಲಿ ಹೇಳಿಯಾಗಲಿ ಅವರ ಅಭಿಪ್ರಾಯವನ್ನೋ ಅನುಭವವನ್ನೋ ತಿರುಚಬಾರದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ‘ಎಲ್ಲರಿಗೂ ಇದೇ ಫಲಿತಾಂಶ ಸಿಗದು’ ಎಂಬಂಥ ಒಂದು ಸಾಲನ್ನು ಸೇರಿಸಿ ಪಾರಾಗುವ ದಾರಿಯನ್ನೂ ಅದು 2009ರ ಪರಿಷ್ಕರಣೆಯಲ್ಲಿ ಮುಚ್ಚಿತು. ಭಾರತದ 2022ರ ಮಾರ್ಗಸೂಚಿಯೂ ಅನುಮೋದನೆಯ ಮಾತು ಹೇಳಿದವರ ಪ್ರಾಮಾಣಿಕ ಅಭಿಪ್ರಾಯವನ್ನು ಬಿಂಬಿಸಬೇಕೆನ್ನುತ್ತದೆ. ಕಾನೂನು ಹಾಗಿರಲಿ, ದನಿ ಒಂದನ್ನು ಹೇಳುತ್ತಿರುವಾಗ ಸಣ್ಣ ಅಕ್ಷರ ಇನ್ನೊಂದನ್ನು ಹೇಳಿದರೆ ಪ್ರೇಕ್ಷಕ ದನಿಯನ್ನೇ ನಂಬುತ್ತಾನೆ. ಅದೂ ಅಲ್ಲದೆ, ಈ ಜಾಹೀರಾತನ್ನು ನೋಡಿದವರಲ್ಲಿ ಹಲವರು ನನಗೆ ಹೇಳಿದ್ದು ಆ ಕಷ್ಟದ ವಾಕ್ಯದಿಂದಲೇ ಉಳಿದದ್ದನ್ನೂ ನಂಬಿದೆವೆಂದು. ಎಲ್ಲ ಉತ್ಪನ್ನಗಳಿಗೂ ಹೀಗಾಗುತ್ತದೆಂದು ಮಾತು ಕೊಡಲಾರೆ.

ಕೊನೆಯ ಪರೀಕ್ಷೆಗೆ ಮಾತನಾಡಿದವರೇ ಬೇಕು. ಮುಗಿದ ಜಾಹೀರಾತನ್ನು ತೋರಿಸಿ ‘ಚೆನ್ನಾಗಿದೆಯಾ?’ ಎಂದು ಕೇಳಬಾರದು. ತಮ್ಮನ್ನು ಪರದೆಯ ಮೇಲೆ ನೋಡಿದ ಸಂಕೋಚದಲ್ಲಿ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ನಿಮ್ಮಂತೆಯೇ ಕಿವಿ ಮಂದವಾಗಿರುವ ನಿಮ್ಮ ಗೆಳತಿ ಇದನ್ನು ನೋಡಿ ಮಷಿನ್ ಕೊಂಡರೆ, ಆಮೇಲೆ ನಿಮ್ಮನ್ನು ಏನಾದರೂ ಕೇಳಬಹುದೇ?’ ಎಂದು ಕೇಳಬೇಕು. ಆ ಶಿಕ್ಷಕಿ ಸ್ವಲ್ಪ ಯೋಚಿಸಿ, ‘ಎರಡು ವಾರ ಅಂತ ಹೇಳಿದ್ದೀನಲ್ಲ, ಅವಳಿಗೆ ಮೂರು ವಾರ ಆದರೆ ಬೈಬಹುದು’ ಎಂದರು. ಅದು ಅವರ ಅನುಭವವೇ ಆದ್ದರಿಂದ ಹಾಗೆಯೇ ಉಳಿಸಿಕೊಂಡೆವು.

ಆಮೇಲೆ ಕಂಪನಿಯವರಿಗೆ 15 ಸೆಕೆಂಡಿನ ರೂಪವೂ ಬೇಕಾಯಿತು. ಎದುರಿಗೆ ಕೂತವರ ಮಾತು ಮತ್ತು ಹತ್ತು ಜನರ ಮಾತು ಎರಡನ್ನೂ ಒಟ್ಟಿಗೇ ತೆಗೆದು, ಮಗಳ ಫೋನಿನ ಎರಡು ವಾಕ್ಯಗಳನ್ನು ಮಾತ್ರ ಇಟ್ಟೆ, ಅದಕ್ಕೆ ಹತ್ತು ಸೆಕೆಂಡು ಸಾಕಾಯಿತು. ಅದು ಫೋನಿನ ಬಗ್ಗೆ ಮಾತ್ರ ಹೇಳುತ್ತದೆ, ಫೋನಿನ ಬಗ್ಗೆ ಅವರು ಹೇಳಿದ್ದೂ ಅಷ್ಟೇ. 6 ಸೆಕೆಂಡಿನದನ್ನು ಕೇಳಿದಾಗ ಮಾತ್ರ ಅದರಲ್ಲಿ ಅವರ ದನಿ ಬೇಡ, ಸಾಧನದ ಚಿತ್ರ ಮತ್ತು ಹೆಸರಷ್ಟೇ ಇರಲಿ ಎಂದು ಬರೆದು ಕಳುಹಿಸಿದೆ.