‘ಸಿನ್ಸ್’ ಬಂದ ವಾಕ್ಯದಲ್ಲಿ ತಪ್ಪು ಎಲ್ಲಿರುತ್ತದೆ?

ಧಾರವಾಡದ ನಮ್ಮ ಓದಿನ ಗುಂಪಿನಲ್ಲಿ, ವಾಕ್ಯದ ಯಾವ ಭಾಗದಲ್ಲಿ ತಪ್ಪಿದೆ ಎಂದು ಗುರುತಿಸುವ ಇಂಗ್ಲಿಷ್ ವರ್ಕ್‌ಶೀಟ್ ಬಿಡಿಸಿದಾಗ ಹೆಚ್ಚಿನವರು ಎಡವಿದ ವಾಕ್ಯ ಇದು: ‘ಮೈ ಅಂಕಲ್ ಈಸ್ ರನ್ನಿಂಗ್ / ಎ ಚಿಲ್ಲಿ ಶಾಪ್ ಇನ್ ಬ್ಯಾಡಗಿ / ಸಿನ್ಸ್ 2015 / ನೋ ಎರರ್’. ಕೆಲವರು ‘ನೋ ಎರರ್’ ಎಂದರು. ನಾನು ‘ಸಿನ್ಸ್’ ಕಂಡ ಕೂಡಲೇ ಮೂರನೆಯ ಭಾಗಕ್ಕೆ ಗುರುತು ಹಾಕಿದೆ. ತಪ್ಪಿರುವುದು ಮೊದಲನೆಯ ಭಾಗದಲ್ಲಿ.

ಹಿಂದೆ ಶುರುವಾಗಿ ಈಗಲೂ ನಡೆದಿರುವ ಕೆಲಸವನ್ನು, ಅದು ಶುರುವಾದ ಕಾಲದೊಂದಿಗೆ ಹೇಳುವಾಗ, ಇಂಗ್ಲಿಷಿನಲ್ಲಿ ಕ್ರಿಯಾಪದವು ಪರ್ಫೆಕ್ಟ್ ರೂಪದಲ್ಲಿರಬೇಕು. ಆದ್ದರಿಂದ ‘ಈಸ್ ರನ್ನಿಂಗ್’ ಬದಲು ‘ಹ್ಯಾಸ್ ಬೀನ್ ರನ್ನಿಂಗ್’ ಆಗಬೇಕು. ಮುರಿದದ್ದು ಕಾಲದ ನಿಯಮ. ‘ನಮ್ಮ ಕಾಕಾ 2015ರಿಂದ ಅಂಗಡಿ ನಡೆಸುತ್ತಿದ್ದಾರೆ’ ಎಂಬ ಕನ್ನಡ ವಾಕ್ಯದಲ್ಲಿ ‘ನಡೆಸುತ್ತಿದ್ದಾರೆ’ ಎಂಬುದೇ ಸಾಕಾಗುವುದರಿಂದ, ‘ಈಸ್ ರನ್ನಿಂಗ್’ ನಮ್ಮ ಕಿವಿಗೆ ತಪ್ಪೆಂದು ಕೇಳಿಸುವುದೇ ಇಲ್ಲ.

ಎರಡನೆಯ ತೊಡಕು ‘ಇಂದ’ ಪ್ರತ್ಯಯದ್ದು. ‘2015ರಿಂದ’ ಎನ್ನುವಲ್ಲಿ ಅದು ಶುರುವಾದ ಗಳಿಗೆಯನ್ನು ಹೇಳುತ್ತದೆ, ‘ಹತ್ತು ವರ್ಷದಿಂದ’ ಎನ್ನುವಲ್ಲಿ ಕಳೆದ ಅವಧಿಯನ್ನು ಹೇಳುತ್ತದೆ. ಇಂಗ್ಲಿಷ್ ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’ ಬಳಸುತ್ತದೆ. ‘ಎರಡು ಗಂಟೆಯಿಂದ ಬಸ್ಸಿಗೆ ಕಾಯುತ್ತಿದ್ದೇನೆ’ ಎಂಬ ಬರಹದ ಕನ್ನಡಕ್ಕೆ ಎರಡು ಅರ್ಥಗಳೂ ಹೊಂದುತ್ತವೆ. ಆದರೆ ನಮ್ಮ ಭಾಗದ ಮಾತಿನಲ್ಲಿ ಗಡಿಯಾರದ ಹೊತ್ತಿಗೆ ಸಾಮಾನ್ಯವಾಗಿ ‘ಗಂಟೆ’ ಎಂದೂ ಅವಧಿಗೆ ‘ತಾಸು’ ಎಂದೂ ಹೇಳುತ್ತೇವೆ. ಹಾಗಾಗಿ ವಾಕ್ಯವನ್ನು ಮನೆಮಾತಿಗೆ ತಿರುಗಿಸಿ ನೋಡಿದಾಗ ‘ಎರಡ ತಾಸಿನಿಂದ’ ಎಂದು ಬಂದರೆ ‘ಫಾರ್ ಟೂ ಅವರ್ಸ್’, ‘ಎರಡ ಗಂಟೇದಿಂದ’ ಎಂದು ಬಂದರೆ ‘ಸಿನ್ಸ್ ಟೂ ಓ ಕ್ಲಾಕ್’. ಯಾವ ಗೈಡಿಗಿಂತಲೂ ನನಗೆ ಈ ಒರೆಗಲ್ಲೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ವಾಕ್ಯ ಸುಧಾರಣೆಯ ಪ್ರಶ್ನೆಗಳು ಇವೆರಡು ನಿಯಮಗಳನ್ನೂ ಒಟ್ಟಿಗೆ ಕೇಳುತ್ತವೆ. ‘ಶಿ ಈಸ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್’ ಎಂಬುದಕ್ಕೆ ಕೊಟ್ಟ ಆಯ್ಕೆಗಳಲ್ಲಿ ಒಂದು ‘ಹ್ಯಾಸ್ ಬೀನ್ ಸಫರಿಂಗ್’ ಎಂದು ಕಾಲವನ್ನು ತಿದ್ದಿ ‘ಸಿನ್ಸ್’ ಅನ್ನು ಹಾಗೆಯೇ ಬಿಟ್ಟಿತ್ತು. ಇನ್ನೊಂದು ‘ಫಾರ್’ ಹಾಕಿ ‘ಈಸ್’ ಅನ್ನು ಉಳಿಸಿಕೊಂಡಿತ್ತು. ಅರ್ಧ ತಿದ್ದಿದ ಆಯ್ಕೆಗಳೇ ಇಲ್ಲಿ ಬಲೆ. ‘ಹ್ಯಾಸ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್’ ಎಂಬುದು ಮಾತ್ರ ಸರಿ. ಆದರೆ ಕ್ರಿಯಾಪದವು ‘ತಿಳಿದಿರು’ ಎಂಬರ್ಥದ ‘ನೋ’ ಅಥವಾ ‘ಬಿಲೀವ್’ನಂಥದ್ದಾಗಿದ್ದರೆ ‘ಇಂಗ್’ ಸೇರಿಸಬಾರದು: ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2015’.

‘ಸಿನ್ಸ್’ ಕಂಡಲ್ಲೆಲ್ಲ ‘ಹ್ಯಾಸ್ ಬೀನ್’ ತುರುಕುವುದೂ ಅಪಾಯವೇ. ‘ಸಿನ್ಸ್ ಇಟ್ ಈಸ್ ರೇನಿಂಗ್, ವಿ ಆರ್ ಸ್ಟೇಯಿಂಗ್ ಅಟ್ ಹೋಮ್’ ಎಂಬಲ್ಲಿ ‘ಸಿನ್ಸ್’ಗೆ ‘ಮಳೆ ಬರುತ್ತಿರುವುದರಿಂದ’ ಎಂಬಂಥ ಕಾರಣದ ಅರ್ಥವಿರುವ ಕಾರಣ ಈ ನಿಯಮ ಅನ್ವಯಿಸುವುದಿಲ್ಲ. ‘ಇಟ್ ಈಸ್ ಟೆನ್ ಇಯರ್ಸ್ ಸಿನ್ಸ್ ಹಿ ಲೆಫ್ಟ್ ಹುಬ್ಬಳ್ಳಿ’ ಎಂಬಲ್ಲಿ ಮುಖ್ಯ ವಾಕ್ಯವು ಕಳೆದ ಕಾಲವನ್ನಷ್ಟೇ ಅಳೆಯುತ್ತದೆ, ಹೀಗಾಗಿ ‘ಈಸ್’ ಸರಿಯೇ. ಇದಕ್ಕೆ ‘ನೋ ಎರರ್’ ಎಂದೇ ಗುರುತು ಹಾಕಬೇಕು.