ಆ್ಯಪ್ ತೆಗೆದರೆ ಫೋಟೋ ಹೋಗುವುದಿಲ್ಲ

"ಆವತ್ತೇ ಆ್ಯಪ್ ಡಿಲೀಟ್ ಮಾಡಿಬಿಟ್ಟೆ ಮೇಡಂ, ಇನ್ನೇನೂ ತೊಂದರೆ ಇಲ್ಲ ಅಲ್ವಾ?" ಖಾಸಗಿ ಮಾಹಿತಿಯ ರಕ್ಷಣೆಯ ಬಗ್ಗೆ ಸಲಹೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಮಾತು ಶುರು ಮಾಡುವುದೇ ಹೀಗೆ. ಮುಖದ ಫೋಟೋ ಕೊಟ್ಟರೆ ಕಾರ್ಟೂನ್, ತೈಲಚಿತ್ರ, ಹಳೇ ಸಿನಿಮಾ ನಾಯಕಿ ಹೀಗೆ ಏನೇನೋ ಮಾಡಿಕೊಡುವ ಆ್ಯಪ್‌ಗಳ ವಿಷಯ ಹೇಳುತ್ತಿದ್ದೇನೆ. ಬಂದವರಿಗೆ ನಾನು ಹೇಳಬೇಕಾದ ಉತ್ತರ ಪ್ರತಿಸಲವೂ ಒಂದೇ. ನೀವು ತೆಗೆದದ್ದು ನಿಮ್ಮ ಫೋನಿನಲ್ಲಿದ್ದ ಆ್ಯಪ್. ಫೋಟೋ ಇದ್ದದ್ದು ಆ್ಯಪ್ ಕಂಪನಿಯ ಸರ್ವರ್‌ನಲ್ಲಿ. ಅದು ಈಗಲೂ ಅಲ್ಲೇ ಇರಬಹುದು.

ಇನ್ನೂ ಕೆಲವರು "ಕೊನೆಗೆ ಬಂದದ್ದು ಕಾರ್ಟೂನ್ ತಾನೇ, ಅದರಲ್ಲಿ ನನ್ನನ್ನು ಯಾರು ಗುರುತು ಹಿಡೀತಾರೆ" ಅನ್ನುತ್ತಾರೆ. ಕಾರ್ಟೂನು ಕೆಳಗಿಳಿದು ಬಂದದ್ದು. ಮೇಲೆ ಹೋದದ್ದು ಅಸಲಿ ಫೋಟೋ.

ಮೇಲೆ ಹೋದ ಫೋಟೋ ಒಂದೇ ರೂಪದಲ್ಲಿ ಉಳಿಯುವುದಿಲ್ಲ. ಅಪ್‌ಲೋಡ್ ಆದ ಮೂಲಚಿತ್ರ ಒಂದು ಕಡೆ, ಅದರ ಬ್ಯಾಕಪ್ ಇನ್ನೊಂದು ಕಡೆ ಇರುತ್ತದೆ. ಆ್ಯಪ್ ಮುಖ ಗುರುತಿಸುವ ತಂತ್ರ ಬಳಸುತ್ತಿದ್ದರೆ ಮುಖದಿಂದ ಒಂದು ಅಂಕಿಗಳ ಸಾಲನ್ನೂ ತೆಗೆಯುತ್ತದೆ. ಸಾಮಾನ್ಯವಾಗಿ ಅದರಲ್ಲಿ 128 ಅಥವಾ 512 ಅಂಕಿಗಳಿರುತ್ತವೆ, ಎಲ್ಲ ಸೇರಿ ಒಂದೆರಡು ಕಿಲೋಬೈಟ್ ಅಷ್ಟೇ. ಒಬ್ಬರದೇ ಮುಖ ಬೇರೆ ಬೇರೆ ಫೋಟೋಗಳಲ್ಲಿದ್ದರೂ ಈ ಸಾಲುಗಳು ಒಂದಕ್ಕೊಂದು ಹತ್ತಿರವೇ ಬರುತ್ತವೆ, ಗುರುತು ಹಿಡಿಯುವುದು ಆ ಹತ್ತಿರದಿಂದಲೇ. ಹಾಗಾಗಿ ಫೋಟೋ ಅಳಿಸಿ ಈ ಸಾಲನ್ನು ಉಳಿಸಿಕೊಂಡರೂ ಕಂಪನಿಯ ಕೆಲಸ ನಡೆಯುತ್ತದೆ. ಕೊನೆಯದು, ಇಂಥ ಸಾವಿರಾರು ಮುಖಗಳನ್ನು ಉಣಿಸಿ ಬೆಳೆಸಿದ ಮಾಡೆಲ್, ಅಂದರೆ ಚಿತ್ರಗಳನ್ನು ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ. ಫೋಟೋ ಅಳಿಸಿದ ಮೇಲೂ ಅದು ಕಲಿತದ್ದು ಕಲಿತಂತೆಯೇ ಇರುತ್ತದೆ. ಸಾರಿಗೆ ಹಾಕಿದ ಉಪ್ಪನ್ನು ಮತ್ತೆ ಬೇರೆ ತೆಗೆಯುವುದು ಎಷ್ಟು ಸುಲಭವೋ, ಇದೂ ಅಷ್ಟೇ ಸುಲಭ.

ಇದೆಲ್ಲ ಬರೀ ಊಹೆ ಅನ್ನುವವರಿಗೆ ನಾನು ಎವರ್ ಎಂಬ ಆ್ಯಪ್‌ನ ಕಥೆ ಹೇಳುತ್ತೇನೆ. ಅಮೆರಿಕದ ಎವರ್‌ಆಲ್ಬಮ್ ಕಂಪನಿಯದು. ಚಿತ್ರಕ್ಕೆ ಬಣ್ಣ ಬಳಿಯುವ ಆ್ಯಪ್ ಅಲ್ಲ, ಫೋಟೋ ಜೋಪಾನವಾಗಿ ಇಡುತ್ತಿದ್ದ ಆ್ಯಪ್. ಆದರೆ ಕೊಟ್ಟ ಮುಖ ಮುಂದೆ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಸರ್ಕಾರಿ ದಾಖಲೆಯಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪ. 2017ರಲ್ಲಿ ಅವರು ಮುಖದ ಆಧಾರದಲ್ಲಿ ಫೋಟೋ ವಿಂಗಡಿಸುವ ಸೌಲಭ್ಯ ತಂದರು. ಅದೇ ವರ್ಷದಿಂದ ಬಳಕೆದಾರರ ಫೋಟೋಗಳಿಂದ ಲಕ್ಷಗಟ್ಟಲೆ ಮುಖಗಳನ್ನು ತೆಗೆದು, ಬೇರೆ ಕಡೆ ಸಿಗುವ ಚಿತ್ರಗಳ ಜೊತೆ ಸೇರಿಸಿ, ತಮ್ಮದೇ ಮುಖ ಗುರುತಿಸುವ ತಂತ್ರ ಬೆಳೆಸಿದರು. ಆ ತಂತ್ರವನ್ನು ಪ್ಯಾರಾವಿಷನ್ ಎಂಬ ಹೆಸರಿನಲ್ಲಿ ಬೇರೆ ಸಂಸ್ಥೆಗಳಿಗೆ ಮಾರಿದರು. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೇಳಿದ ಪ್ರಕಾರ, ಖಾತೆ ಮುಚ್ಚಿದವರ ಫೋಟೋ ಅಳಿಸುತ್ತೇವೆ ಎಂದು ಮಾತು ಕೊಟ್ಟಿದ್ದ ಕಂಪನಿ 2019ರ ಅಕ್ಟೋಬರ್‌ವರೆಗೂ ಅಳಿಸಿರಲಿಲ್ಲ. ಗಮನಿಸಿ, ಇವರು ಆ್ಯಪ್ ತೆಗೆದವರಲ್ಲ, ಖಾತೆಯನ್ನೇ ಮುಚ್ಚಿದವರು.

2021ರಲ್ಲಿ ಕಮಿಷನ್ ಕೊಟ್ಟ ಆದೇಶವನ್ನು ನಾನು ಬಂದವರಿಗೆಲ್ಲ ಓದಿ ಹೇಳುತ್ತೇನೆ. ಖಾತೆ ಮುಚ್ಚಿದವರ ಫೋಟೋ, ವಿಡಿಯೋ ಅಳಿಸಬೇಕು. ಒಪ್ಪಿಗೆ ಇಲ್ಲದೆ ತೆಗೆದ ಮುಖದ ಅಂಕಿಗಳನ್ನು ಅಳಿಸಬೇಕು. ಆ ಫೋಟೋಗಳಿಂದ ಬೆಳೆಸಿದ ಮಾಡೆಲ್‌ಗಳನ್ನೂ ಅಳಿಸಬೇಕು. ಒಂದನ್ನು ಅಳಿಸಿದರೆ ಉಳಿದವು ತಾವಾಗಿ ಹೋಗುವಂತಿದ್ದರೆ ಮೂರನ್ನೂ ಬೇರೆ ಬೇರೆಯಾಗಿ ಬರೆಯುವ ಅಗತ್ಯವೇ ಇರಲಿಲ್ಲ.

ಎಲ್ಲ ಆ್ಯಪ್‌ಗಳೂ ಹೀಗೇ ಎಂದು ನಾನು ಹೇಳಲಾರೆ. 2019ರ ಜುಲೈನಲ್ಲಿ ಎಲ್ಲರ ಮುಖವನ್ನೂ ಮುದಿಯಾಗಿಸಿದ ಫೇಸ್‌ಆ್ಯಪ್, ಹೆಚ್ಚಿನ ಫೋಟೋಗಳನ್ನು 48 ಗಂಟೆಯೊಳಗೆ ಅಳಿಸುತ್ತೇವೆ ಎಂದಿತ್ತು. 'ಹೆಚ್ಚಿನ' ಅಂದಿತ್ತು, 'ಎಲ್ಲ' ಅನ್ನಲಿಲ್ಲ. ಪೂರ್ತಿ ಅಳಿಸಬೇಕೆಂದರೆ ಆ್ಯಪ್‌ನ ಒಳಗಿನಿಂದಲೇ, ದೋಷ ವರದಿ ಮಾಡುವ ಜಾಗದಲ್ಲಿ, ವಿಷಯದ ಸಾಲಿನಲ್ಲಿ privacy ಎಂದು ಬರೆದು ಕಳಿಸಿ ಎಂದೂ ಹೇಳಿತ್ತು. ಗಾಬರಿಯಿಂದ ಆ್ಯಪ್ ತೆಗೆದವರಿಗೆ ಆ ದಾರಿಯೇ ಮುಚ್ಚಿಹೋಯಿತು.

ನನಗೆ ಸಂಕಟವಾಗುವುದು ಇಲ್ಲೇ. ಆ್ಯಪ್ ತೆಗೆಯುವುದರಿಂದ ಪ್ರಯೋಜನವಿಲ್ಲ ಎನ್ನುವುದಷ್ಟೇ ಆಗಿದ್ದರೆ ಬಿಡಬಹುದಿತ್ತು. ಅದರಿಂದ ನಷ್ಟವೂ ಇದೆ. ಲಾಗಿನ್ ಇಲ್ಲದೆ ನಡೆಯುವ ಆ್ಯಪ್‌ಗಳು ನಿಮ್ಮ ಫೋಟೋಗಳನ್ನು ಒಂದು ಬಳಕೆದಾರ ಸಂಖ್ಯೆಯ ಕೆಳಗೆ ಇಟ್ಟಿರುತ್ತವೆ. ಆ ಸಂಖ್ಯೆ ಸಾಮಾನ್ಯವಾಗಿ ಆ್ಯಪ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುತ್ತದೆ. ಆ್ಯಪ್ ತೆಗೆದರೆ ಅದೂ ಹೋಗುತ್ತದೆ. ಆಮೇಲೆ "ನನ್ನ ಫೋಟೋ ಅಳಿಸಿ" ಎಂದು ಬರೆದರೆ, "ಯಾವುದು ನಿಮ್ಮ ಫೋಟೋ?" ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ತಪ್ಪೂ ಇಲ್ಲ.

ಇತ್ತೀಚೆಗೆ ಶಿವಮೊಗ್ಗದ ಕಡೆಯ ತಂದೆಯೊಬ್ಬರು ಬಂದಿದ್ದರು. ಎಂಟನೇ ತರಗತಿಯ ಮಗಳ ಹದಿನೈದು ಫೋಟೋಗಳನ್ನು ಇಂಥದೊಂದು ಆ್ಯಪ್‌ಗೆ ಹಾಕಿ ಚಿತ್ರ ಮಾಡಿಸಿ, ಸಂಜೆಗೆ ಆ್ಯಪ್ ತೆಗೆದಿದ್ದರು. ಅದೃಷ್ಟಕ್ಕೆ ಗೂಗಲ್ ಖಾತೆಯಿಂದ ಲಾಗಿನ್ ಆಗಿದ್ದರು. ಮತ್ತೆ ಆ್ಯಪ್ ಹಾಕಿಸಿ, ಅದೇ ಖಾತೆಯಿಂದ ಒಳಹೋಗಿ, ಮೊದಲು ಬಳಕೆದಾರ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆಸಿದೆ. ಖಾತೆ ಮುಚ್ಚುವ ಮೊದಲೇ, ಲಾಗಿನ್ ಆದ ಇಮೇಲ್‌ನಿಂದಲೇ ಕಂಪನಿಗೆ ಪತ್ರ ಬರೆಸಿದೆ. ಮೂಲ ಫೋಟೋ, ತಯಾರಾದ ಚಿತ್ರ, ಮುಖದಿಂದ ತೆಗೆದ ಅಂಕಿ ಮತ್ತು ಮಗಳ ಫೋಟೋಗಳಿಂದ ಅವಳ ಮುಖವನ್ನು ಕಲಿತ ಫೈಲ್, ಪ್ರತಿಯೊಂದರ ಹೆಸರನ್ನೂ ಹೇಳಿ ಅಳಿಸಲು ಕೇಳಿದೆವು. ಬ್ಯಾಕಪ್‌ನಿಂದ ಯಾವಾಗ ಹೋಗುತ್ತದೆ, ಬೇರೆ ಯಾರಿಗಾದರೂ ಕೊಟ್ಟಿದ್ದೀರಾ ಎಂದೂ ಕೇಳಿದೆವು. ಇದಾದ ಮೇಲೆಯೇ ಖಾತೆ ಮುಚ್ಚಿದ್ದು. ಆ್ಯಪ್‌ನೊಳಗೆ ಖಾತೆ ಅಳಿಸುವ ಗುಂಡಿ ಕಾಣದಿದ್ದರೆ ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ Data safety ಭಾಗದಲ್ಲಿ ನೋಡಿ. ಖಾತೆ ತೆರೆಸುವ ಆ್ಯಪ್‌ಗಳು ಅಳಿಸುವ ಕೊಂಡಿಯನ್ನೂ ಕೊಡಬೇಕೆಂಬುದು ಗೂಗಲ್‌ನ ನಿಯಮ. ಚಂದಾ ಕಟ್ಟಿದ್ದರೆ ಅದನ್ನು ಬೇರೆಯಾಗಿ ರದ್ದು ಮಾಡಬೇಕು.

ಕಂಪನಿ ಗುರುತು ಖಚಿತಪಡಿಸಲು ಆಧಾರ್ ಪ್ರತಿ ಕೇಳಿತು. ಕೊಡಬೇಡಿ ಎಂದೆ. ಮುಖ ಅಳಿಸಲು ಹೋಗಿ ಹೆಸರು, ವಿಳಾಸ ಜೋಡಿಸಿ ಕೊಟ್ಟಂತಾಗುತ್ತದೆ. ಲಾಗಿನ್ ಇಮೇಲ್ ಮತ್ತು ಬಳಕೆದಾರ ಸಂಖ್ಯೆ ಸಾಕಲ್ಲವೇ ಎಂದು ಕೇಳಿದಾಗ ಒಪ್ಪಿಕೊಂಡರು. ಫೋಟೋ ಮತ್ತು ಮಗಳ ಹೆಸರಿನ ಫೈಲ್ ಅಳಿಸಿದ್ದೇವೆ ಎಂಬ ಉತ್ತರ ಬಂತು. ಸೇವೆಯನ್ನು ಉತ್ತಮಪಡಿಸಲು, ಅಂದರೆ ಮಾಡೆಲ್ ಬೆಳೆಸಲು, ಫೋಟೋ ಬಳಸಿದ್ದರ ಬಗ್ಗೆ ಆ ಪತ್ರದಲ್ಲಿ ಒಂದು ಮಾತೂ ಇರಲಿಲ್ಲ. ಆ್ಯಪ್‌ನ ನಿಯಮಗಳಲ್ಲಿ ಅಂಥ ಸಾಲಿದ್ದು ಉತ್ತರದಲ್ಲಿ ಇಲ್ಲದಿದ್ದರೆ, ಅಲ್ಲಿಂದ ಅಳಿಸಿಲ್ಲ ಎಂದೇ ತಿಳಿದುಕೊಳ್ಳುವುದು ಕ್ಷೇಮ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸಲು ಕೇಳುವ ಹಕ್ಕಿದೆ. ಹದಿನೆಂಟಕ್ಕಿಂತ ಕೆಳಗಿನ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆಯೂ ಬೇಕು. ಭಾರತದವರಿಗೆ ಸೇವೆ ಕೊಡುವ ವಿದೇಶಿ ಕಂಪನಿಗೂ ಅದು ಅನ್ವಯಿಸುತ್ತದೆ. ಆದರೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವಿದೆ. ಅಲ್ಲಿಯವರೆಗೆ ಇಂಥ ಪತ್ರವೇ ನಮ್ಮ ಕೈಯಲ್ಲಿರುವ ದೊಡ್ಡ ಸಾಧನ. ಹೊಸದಾಗಿ ಹಾಕುವವರು ಕನಿಷ್ಠ ಇಡೀ ಗ್ಯಾಲರಿಗೆ ಅನುಮತಿ ಕೊಡದೆ, ಬೇಕಾದ ಫೋಟೋ ಮಾತ್ರ ಆರಿಸಿ ಕೊಡಿ. ಈಗಿನ ಫೋನ್‌ಗಳಲ್ಲಿ ಆ ಆಯ್ಕೆ ಇದೆ.

ಎಲ್ಲ ಮುಗಿಸಿ ಆ ಹದಿನೈದು ಫೋಟೋಗಳನ್ನು ಮತ್ತೊಮ್ಮೆ ನೋಡಿದಾಗ, ಮೂರರಲ್ಲಿ ಮಗಳ ಪಕ್ಕ ಇನ್ನೊಬ್ಬ ಹುಡುಗಿ ಇದ್ದಳು. "ಅವಳ ಗೆಳತಿ, ಪಕ್ಕದ ಬೀದಿ" ಎಂದರು. ಆ ಹುಡುಗಿಯ ಮನೆಯವರಿಗೆ ಏನೂ ಗೊತ್ತಿರಲಿಲ್ಲ. ಆ ಮೂರು ಫೋಟೋಗಳನ್ನು ಪ್ರತ್ಯೇಕವಾಗಿ ಹೆಸರಿಸಿ ಕಂಪನಿಗೆ ಎರಡನೇ ಪತ್ರ ಬರೆದೆವು. ಬಂದಿದ್ದ ತಂದೆ ಅಲ್ಲೇ ಕೂತು ಗೆಳತಿಯ ತಂದೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದರು.