ಸಂಬಳದಲ್ಲಿ ಹಿಡಿದ ಟಿಡಿಎಸ್ 26ಎಎಸ್‌ನಲ್ಲಿ ಕಾಣದಿದ್ದರೆ

ಜೂನ್ ಬಂತೆಂದರೆ ಉಡುಪಿಯ ನಮ್ಮ ಆಫೀಸಿಗೆ ಇದೇ ದೂರು ಹೊತ್ತು ಬರುವವರು ಜಾಸ್ತಿ. ಕಾಪುವಿನಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವ ಒಬ್ಬರದ್ದು 2024-25ರ ಲೆಕ್ಕ. ಪೇಸ್ಲಿಪ್‌ನಲ್ಲಿ ತಿಂಗಳಿಗೆ 6,000ದಂತೆ ವರ್ಷಕ್ಕೆ 72,000 ರೂಪಾಯಿ ಟಿಡಿಎಸ್ ಹಿಡಿದಿದ್ದಾರೆ, ಆದರೆ ಫಾರ್ಮ್ 16ರಲ್ಲೂ, ನಮ್ಮ ಪಾನ್‌ಗೆ ಜಮೆಯಾದ ತೆರಿಗೆಯ ಲೆಕ್ಕ ತೋರಿಸುವ 26ಎಎಸ್‌ನಲ್ಲೂ ಇರುವುದು 54,000 ಮಾತ್ರ.

ಅವರು ಅಕೌಂಟ್ಸ್‌ನವರಿಗೆ ಫೋನ್ ಮಾಡಿ "ಟಿಡಿಎಸ್ ತಪ್ಪಾಗಿದೆ, ಸರಿ ಮಾಡಿ ಸರ್" ಅಂದಿದ್ದರು. "ನಾವು ಕಟ್ಟಿದ್ದೇವೆ, ನೋಡುವ" ಎಂಬ ಉತ್ತರ ಬಂತು, ವಿಷಯ ಅಲ್ಲಿಗೇ ನಿಂತಿತು. ಹೀಗೆ ಕೇಳಿದರೆ ಕೆಲಸ ಆಗುವುದಿಲ್ಲ ಮಾರಾಯ್ರೆ. ಯಾವ ತಿಂಗಳದ್ದು ಕಾಣೆಯಾಗಿದೆ ಅಂತ ಮೊದಲು ನೀವೇ ಹುಡುಕಬೇಕು.

26ಎಎಸ್‌ನಲ್ಲಿ ಕಂಪನಿ ಹೆಸರಿನ ಕೆಳಗೆ ದಿನಾಂಕದ ಪ್ರಕಾರ ಸಾಲುಗಳಿರುತ್ತವೆ. ಪೇಸ್ಲಿಪ್ ಪಕ್ಕದಲ್ಲಿಟ್ಟು ಒಂದೊಂದೇ ತಿಂಗಳು ಹೋಲಿಸಿ. ಇವರದ್ದರಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್ ಸಾಲುಗಳೇ ಇರಲಿಲ್ಲ, ಅಂದರೆ ಮೂರನೇ ತ್ರೈಮಾಸಿಕದ 18,000. ಸಾಲು ಇದ್ದು ಅದರ ಮುಂದೆ U ಎಂದಿದ್ದರೆ ಕಥೆ ಬೇರೆ: ಕಂಪನಿ ನಿಮ್ಮ ಹೆಸರು ತೋರಿಸಿದೆ, ಆದರೆ ಅದಕ್ಕೆ ಹೊಂದುವ ಚಲನ್ ಸಿಕ್ಕಿಲ್ಲ. F ಇದ್ದರೆ ಸರಿ ಇದೆ. ಸಾಲೇ ಇಲ್ಲದಿದ್ದರೆ ಪಕ್ಕದ ಸೀಟಿನವರ 26ಎಎಸ್ ಕೇಳಿ. ಅವರದ್ದೂ ಇಲ್ಲದಿದ್ದರೆ ಕಂಪನಿ ಆ ತ್ರೈಮಾಸಿಕದ 24ಕ್ಯೂ, ಅಂದರೆ ಸಂಬಳದ ಟಿಡಿಎಸ್ ವಿವರದ ಸ್ಟೇಟ್‌ಮೆಂಟ್, ಸಲ್ಲಿಸದೇ ಇರುವ ಸಾಧ್ಯತೆ ಹೆಚ್ಚು. ಅವರದ್ದು ಸರಿ ಇದ್ದು ನಿಮ್ಮದು ಮಾತ್ರ ಇಲ್ಲವೆಂದರೆ ನಿಮ್ಮ ಪಾನ್ ತಪ್ಪಾಗಿ ಟೈಪ್ ಆಗಿರಬಹುದು. ಇಲ್ಲಿ ಆದದ್ದೂ ಅದೇ, ಪಾನ್‌ನ ಒಂದು ಅಂಕೆ ತಪ್ಪಿತ್ತು.

ಒಂದು ಮಾತು: ಜನವರಿಯಿಂದ ಮಾರ್ಚ್‌ವರೆಗಿನದ್ದು ಕಾಣುವುದಿಲ್ಲ ಅಂತ ಏಪ್ರಿಲ್‌ನಲ್ಲೇ ಗಾಬರಿ ಬೇಡ. ಅದರ 24ಕ್ಯೂ ಸಲ್ಲಿಸಲು ಕಂಪನಿಗೆ ಮೇ 31ರವರೆಗೆ ಸಮಯವಿದೆ.

ಆಮೇಲೆ ಫೋನ್ ಬೇಡ, ಮೇಲ್ ಹಾಕಿ. ನಾವು ಬರೆಸಿದ್ದು ಇಷ್ಟೇ: "ಅಕ್ಟೋಬರ್‌ನಿಂದ ಡಿಸೆಂಬರ್ 2024ರ ಸಂಬಳದಲ್ಲಿ ಹಿಡಿದ 18,000 ರೂಪಾಯಿ ನನ್ನ 26ಎಎಸ್‌ನಲ್ಲಿ ಇಲ್ಲ. ಆ ತ್ರೈಮಾಸಿಕದ 24ಕ್ಯೂನಲ್ಲಿ ನನ್ನ ಪಾನ್ ಏನೆಂದು ಇದೆ ನೋಡಿ, ತಿದ್ದುಪಡಿ ಸ್ಟೇಟ್‌ಮೆಂಟ್ ಸಲ್ಲಿಸಿ ಅದರ ಟೋಕನ್ ನಂಬರ್ ತಿಳಿಸಿ, ಹೊಸ ಫಾರ್ಮ್ 16 ಕೊಡಿ." ಜೊತೆಗೆ ಮೂರು ಪೇಸ್ಲಿಪ್, ಪಾನ್ ಪ್ರತಿ, 26ಎಎಸ್ ಪುಟ. ಟೋಕನ್ ನಂಬರ್ ಬಿಟ್ಟುಬಿಡಬೇಡಿ, ತಿದ್ದುಪಡಿ ನಿಜಕ್ಕೂ ಸಲ್ಲಿಕೆಯಾಗಿದೆ ಎಂಬುದಕ್ಕೆ ಅದೇ ಗುರುತು. ಫಾರ್ಮ್ 16ರ ಪಾರ್ಟ್ ಎ ಇಲಾಖೆಯ ಟಿಡಿಎಸ್ ಪೋರ್ಟಲ್ ಆದ ಟ್ರೇಸಸ್‌ನಿಂದಲೇ ಇಳಿಯಬೇಕು. 24ಕ್ಯೂ ತಿದ್ದದೆ ಸುಮ್ನೆ ಕೈಯಲ್ಲಿ ಬದಲಾಯಿಸಿ ಕೊಟ್ಟರೆ ಅದರಿಂದ ಏನೂ ಉಪಯೋಗವಿಲ್ಲ.

ಕಂಪನಿ ದುಡ್ಡು ಹಿಡಿದು ಕಟ್ಟದೇ ಇದ್ದರೆ? ರಿಟರ್ನ್‌ನಲ್ಲಿ ನಿಜವಾಗಿ ಹಿಡಿದ 72,000ವನ್ನೇ ತೋರಿಸಿ. ರಿಟರ್ನ್ ಪರಿಶೀಲಿಸುವ ಬೆಂಗಳೂರಿನ ಸಿಪಿಸಿಯಿಂದ ಬಾಕಿ ಕಟ್ಟಿ ಅಂತ ನೋಟಿಸ್ ಬರುವ ಸಾಧ್ಯತೆ ಇದೆ. ಆಗ ಪೋರ್ಟಲ್‌ನಲ್ಲಿ Disagree ಒತ್ತಿ, ಪೇಸ್ಲಿಪ್ ಮತ್ತು ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಉತ್ತರಿಸಿ. ಸಂಬಳದಿಂದ ಆಗಲೇ ಹಿಡಿದ ತೆರಿಗೆಯನ್ನು ನಿಮ್ಮಿಂದ ಮತ್ತೆ ವಸೂಲಿ ಮಾಡುವಂತಿಲ್ಲ ಎಂದು 1961ರ ಕಾಯ್ದೆಯ ಸೆಕ್ಷನ್ 205 ಹೇಳುತ್ತದೆ. ಆದರೆ ಅದು ವಸೂಲಿ ತಡೆಯುತ್ತದೆ ಅಷ್ಟೇ, ರಿಫಂಡ್ ಬರಬೇಕಾದವರಿಗೆ ಕಂಪನಿ ತಿದ್ದುಪಡಿ ಮಾಡುವ ತನಕ ಹಣ ಸಿಗುವುದು ಕಷ್ಟ. ಅದಕ್ಕೇ ಕೆಲಸ ಬಿಡುವವರು ಕೊನೆಯ ದಿನಕ್ಕೆ ಮೊದಲೇ 26ಎಎಸ್ ತೆಗೆದು ನೋಡಿ. ಬಿಟ್ಟ ಮೇಲೆ ಅಕೌಂಟ್ಸ್‌ನವರು ಮೇಲ್‌ಗೆ ಉತ್ತರಿಸುವುದೇ ಕಮ್ಮಿ.